ಸ್ಟಿಕರ್ ಹೊಸ್ತಿಲಿನ ಮನೆ

ಗೃಹಪ್ರವೇಶದ ಊಟಕ್ಕೆ ಹೋದಲ್ಲೆಲ್ಲ ನಾನು ತಲೆ ತಗ್ಗಿಸಿಯೇ ಒಳಗೆ ಹೋಗುತ್ತೇನೆ. ಜನ ಅದನ್ನು ವಿನಯ ಅಂದುಕೊಂಡಿದ್ದಾರೆ. ವಿನಯವೂ ಇಲ್ಲ, ಗಿನಯವೂ ಇಲ್ಲ. ಮುಂಬಾಗಿಲ ಕೆಳಗೆ ಎಷ್ಟು ಬೆರಳು ತೂರುತ್ತವೆ ಅಂತ ನೋಡುತ್ತಿರುತ್ತೇನೆ. ಉಳಿದವರು ಕದದ ಮೇಲಿನ ನವಿಲು ನೋಡುತ್ತಾರೆ, ಹಿತ್ತಾಳೆಯ ಹಿಡಿಕೆ ಮುಟ್ಟುತ್ತಾರೆ, ಪಾಲಿಶಿನಲ್ಲಿ ತಮ್ಮ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳುತ್ತಾರೆ. ಲಕ್ಷಗಟ್ಟಲೆ ಸುರಿದ ಬಾಗಿಲ ಕೆಳಗೆ ಹೆಬ್ಬೆರಳು ಗಾತ್ರದ ಸಂದು ಬಿಟ್ಟಿರುವುದು ಒಬ್ಬನಿಗೂ ಕಾಣುವುದಿಲ್ಲ. ಹಲ್ಲಿಗೆ ಕಾಣುತ್ತದೆ, ಜಿರಲೆಗೆ ಕಾಣುತ್ತದೆ. ಅವು ನಮ್ಮ ಎಂಜಿನಿಯರುಗಳಿಗಿಂತ ಹೆಚ್ಚು ಓದಿವೆ.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಯೂ ಇಲ್ಲ. ಆಳಂದದಲ್ಲಿ ನನ್ನ ಅಂಗಡಿ, ಆಳಂದದಿಂದ ಅಫಜಲಪುರದವರೆಗೆ ನನ್ನ ಕೈಯ ಬಾಗಿಲುಗಳು. ಒಂದೂ ಮಳೆಗಾಲದಲ್ಲಿ ಹಿಡಿದುಕೊಂಡಿಲ್ಲ, ಬೇಸಿಗೆಯಲ್ಲಿ ಸೀಳಿಲ್ಲ. ಈ ಮಾತು ನಾನೇ ಹೇಳಬೇಕಾಗಿದೆ, ಯಾಕೆಂದರೆ ಸರಿಯಾಗಿರುವ ಬಾಗಿಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಿಂಬರ್ಗಾದ ಕಡೆ ತೊಗರಿ ವ್ಯಾಪಾರ ಮಾಡುವ ಜಮೀನುದಾರರ ಮನೆಯೊಂದಿದೆ. ಹಿರಿಯರು ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವರು ಯಜಮಾನಿ. ಒಬ್ಬನೇ ಮಗ. ಹಳೆಯ ಮನೆ ಬಿಟ್ಟು ಹೊಲದ ಅಂಚಿಗೆ ಹೊಸ ಮನೆ ಕಟ್ಟಿಸುವಾಗ ಆ ಮಗ ನನ್ನನ್ನು ಕರೆಸಿದ್ದ. ನಾನು ಚೌಕಟ್ಟಿನ ಅಳತೆ ಹಿಡಿಯುತ್ತ ಹೊಸ್ತಿಲಿಗೆ ನಾಲ್ಕಿಂಚಿನ ಸಾಗವಾನಿ ಹಾಕೋಣ ಅಂದೆ.

"ಮಿಸ್ತ್ರಿ, ಹೊಸ್ತಲ ಬ್ಯಾಡ. ಗಾಡಿ ಪಡಸಾಲ್ಯಾಗ ತರಬೇಕಾಗ್ತದ" ಅಂದ. ಅವನ ಗಾಡಿ ಅಂದರೆ ಹೊಸದಾಗಿ ಕೊಂಡ ಮೋಟರ್‌ಸೈಕಲ್ಲು.

"ಮನಿ ಗಾಡಿಗಿ ಕಟ್ಟಾಕತ್ತೀರೋ, ಮನಷ್ಯಾರಿಗಿ ಕಟ್ಟಾಕತ್ತೀರೋ?"

"ನಿಮ್ದು ಹಳೇ ತಲಿ ಮಿಸ್ತ್ರಿ. ಈಗ ಎಲ್ಲಾ ಕಡಿ ಫ್ಲಾಟ್ ಇರ್ತದ."

ಫ್ಲಾಟ್ ಅಂದದ್ದು ನೆಲಕ್ಕೆ. ನನಗೆ ಅವನ ತಲೆಯೇ ಹಾಗೆ ಕಂಡಿತು. ಕೊನೆಗೆ ಸೊಲ್ಲಾಪುರದಿಂದ ತಯಾರಿ ಬಾಗಿಲು ಬಂತು: ಎರಡು ಕಾಲು, ಮೇಲೊಂದು ಅಡ್ಡ, ಕೆಳಗೆ ಏನೂ ಇಲ್ಲ. ಕದದ ಮೇಲೆ ಎರಡು ಆನೆ. ಅಂಥ ಆನೆಗಳ ಕೆಳಗೆ ಮುಕ್ಕಾಲು ಇಂಚು ಬಯಲು.

ಗೃಹಪ್ರವೇಶದ ದಿನ ಯಜಮಾನಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತರು. ಪೂಜೆ ಮಾಡಲು ಹೊಸ್ತಿಲೇ ಇಲ್ಲ. ನೆಲ ನೋಡಿದರು, ಮಗನ ಮುಖ ನೋಡಿದರು. ಮಗ ಆಳಂದದ ಪೇಟೆಗೆ ಓಡಿ ಒಂದು ಸ್ಟಿಕರ್ ತಂದ. ಅರಿಸಿನದ ಬಣ್ಣ, ಎರಡೂ ತುದಿಗೆ ಕಮಲ, ನಡುವೆ ಪುಟ್ಟ ಪಾದಗಳು. ನುಣ್ಣನೆಯ ಟೈಲ್ಸಿನ ಮೇಲೆ ಆ ಹೊಸ್ತಿಲನ್ನು ಅಂಟಿಸಿ ಅಂಗೈಯಿಂದ ಒರೆಸಿದ. ಅವತ್ತಿನಿಂದ ಆ ತಾಯಿ ದಿನಾ ಬೆಳಿಗ್ಗೆ ಮಿಂದು ಆ ಕಾಗದಕ್ಕೆ ವಿಭೂತಿ ಎಳೆದು ಹೂ ಇಡುತ್ತಿದ್ದರು. ನಾನು ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಬಂದೆ. ಕೇಳದವರಿಗೆ ಬುದ್ಧಿ ಹೇಳುವ ರೂಢಿ ನನಗಿಲ್ಲ.

ಮೊದಲು ಬಂದದ್ದು ಧೂಳು. ತೊಗರಿ ರಾಶಿಯ ದಿನಗಳಲ್ಲಿ ಹೊಲದ ಅಂಚಿನ ಮನೆಯೆಂದರೆ ಏನೆಂದು ಆ ಹುಡುಗನಿಗೆ ಆಗ ಗೊತ್ತಾಯಿತು. ಪಡಸಾಲೆಯ ಬಿಳಿ ಟೈಲ್ಸಿನ ಮೇಲೆ ದಿನಕ್ಕೆರಡು ಸಲ ಕರಿಮಣ್ಣಿನ ಪದರ. ಅವನು ಫೋನಿನಲ್ಲಿ ನೋಡಿ ಒಂದು ಸಾಮಾನು ತರಿಸಿದ. ಬಟ್ಟೆಯ ಚೀಲದೊಳಗೆ ಎರಡು ಸ್ಪಂಜಿನ ಕೊಳವೆ. ಕದದ ಕೆಳಗೆ ತೂರಿಸಿದರೆ ಒಳಗೊಂದು, ಹೊರಗೊಂದು ಕೂರುತ್ತದೆ, ಕದದ ಜೊತೆ ಓಡಾಡುತ್ತದೆ. ಫ್ಯಾನು ಹಾಕಿದ ಕೋಣೆಯ ಒಳಬಾಗಿಲಿಗೆ ಅದು ಸರಿ. ಮುಂಬಾಗಿಲಿಗೆ ಅದು ಕಸಬರಿಗೆ. ಕದ ತೆರೆದಾಗಲೆಲ್ಲ ಹೊರಗಿನ ಮಣ್ಣನ್ನು ಒಳಗೆ ಎಳೆದು ತಂದಿತು. ಜೂನಿನಲ್ಲಿ ಮಿರಗಿನ ಮೊದಲ ಮಳೆಗೆ ನೀರು ಕುಡಿದು ಊದಿ ನಾತ ಹಿಡಿಯಿತು.

ಅದನ್ನು ಕಿತ್ತೆಸೆದು ಅವನು ಎರಡನೆಯ ಸಾಮಾನು ತರಿಸಿದ. ನೆಲಕ್ಕೆ ಅಂಟಿಸುವ ಉಬ್ಬು ರಬ್ಬರ್ ಪಟ್ಟಿ. ತಪ್ಪು ಸಾಮಾನಲ್ಲ, ನಾನೂ ಹಾಕಿದ್ದೇನೆ. ಆದರೆ ಅವನು ಅದನ್ನು ಅಂಟಿಸಿದ್ದು ಎಲ್ಲಿ? ಆ ಸ್ಟಿಕರಿನ ಮೇಲೆ! ದಿನಾ ವಿಭೂತಿ, ಎಣ್ಣೆ, ಅರಿಸಿನ ಉಂಡು ಜಿಡ್ಡುಗಟ್ಟಿದ ಕಾಗದದ ಕಮಲಗಳ ಮೇಲೆ. ರಬ್ಬರು ಸ್ಟಿಕರನ್ನು ಹಿಡಿಯಿತು, ಸ್ಟಿಕರು ನೆಲವನ್ನು ಬಿಟ್ಟಿತು. ಒಂದು ವಾರಕ್ಕೆ ತುದಿ ಮೇಲೆದ್ದು ಕಪ್ಪೆಯ ಬಾಯಿಯ ಹಾಗೆ ತೆರೆದುಕೊಂಡಿತು.

ಆ ಬಾಯಿಯೊಳಗಿಂದಲೇ ಚೇಳು ಬಂದದ್ದು.

ಬರುವುದಕ್ಕೂ ಒಂದು ಮುಹೂರ್ತ ನೋಡಿ ಬಂತು. ಸೊಸೆ ಹೆರಿಗೆಗೆ ಜೇವರ್ಗಿಯ ಹತ್ತಿರದ ತವರಿಗೆ ಹೋಗಿದ್ದಳು. ಗಂಡು ಕೂಸು, ಮೂರು ತಿಂಗಳು ತುಂಬಿತ್ತು. ಕಳಿಸುವ ದಿನದ ಮಾತಾಡಿಕೊಂಡು ಹೋಗಲು ಸೊಸೆಯ ತಾಯಿ ಬಂದು ಪಡಸಾಲೆಯಲ್ಲಿ ಕೂತಿದ್ದರು. ಮಾತು ಮುಗಿದು ಚಹಾ ಬರುವಷ್ಟರಲ್ಲಿ ಕರಿಚೇಳೊಂದು ಬಾಗಿಲ ಕೆಳಗಿಂದ ನುಸುಳಿ, ಬಿಳಿ ಟೈಲ್ಸಿನ ಮೇಲೆ ಬಾಲ ಎತ್ತಿಕೊಂಡು, ಬೀಗತಿಯ ಕಾಲಿನ ಕಡೆಗೇ ನಡೆದು ಬಂತಂತೆ.

ಇದನ್ನೆಲ್ಲ ನನಗೆ ಹೇಳಿದವರು ಯಜಮಾನಿ. ಅವರೇ ಖುದ್ದು ಆಳಂದದ ನನ್ನ ಅಂಗಡಿಗೆ ಬಂದು, ಕಟ್ಟಿಗೆಯ ಹೊಟ್ಟು ಕೂಡ ಒರೆಸದೆ ಬೆಂಚಿನ ಮೇಲೆ ಕೂತರು.

"ನಮ್ಮ ಬೀಗತಿ ಏನಂದಳು ಗೊತ್ತೇನ್ರಿ? 'ಮೂರು ತಿಂಗಳ ಕೂಸಿಗಿ ಚೇಳಿನ ಮನಿಗಿ ಕಳಸಂಗಿಲ್ಲ. ಬಾಗಲ ನೆಟ್ಟಗಾದ ಮ್ಯಾಲ ನಾನೇ ಬಂದು ನೋಡ್ತೇನಿ, ಆಮ್ಯಾಲ ಮಾತು' ಅಂದಳು. ನಾ ಮೊಮ್ಮಗನ ಮಾರಿ ಎರಡೇ ಸಲ ನೋಡೇನ್ರಿ. ಅದೂ ಅವರ ಮನ್ಯಾಗ, ನೆಂಟರಂಗ ಕುಂತು."

"ನಿಮ್ಮ ಮಗಾ ಫೋನಿನ್ಯಾಗ ಮತ್ತೊಂದು ತರಸಂಗಿಲ್ಲೇನ್ರಿ?" ಅಂದೆ. ಅನ್ನಬಾರದಿತ್ತು. ಆದರೆ ಆ ಮಾತು ಒಂದು ವರ್ಷದಿಂದ ಹೊಟ್ಟೆಯಲ್ಲಿತ್ತು.

"ಅವನಿಗಿ ಬೈರಿ, ನಾನೂ ಬೈತೇನಿ. ಖರೇ ಬಾಗಲ ಮಾಡಿ ಕೊಡ್ರಿ."

ಮರುದಿನ ಹೋದೆ. ಮಗ ಅಂಗಳದಲ್ಲಿ ನಿಂತು ನನ್ನ ಕಡೆ ನೋಡದೆ ಫೋನು ನೋಡುತ್ತಿದ್ದ. ಅಂಗಳದ ಗೋಡೆಗೆ ಒತ್ತಿ ತೊಗರಿಕಟ್ಟಿಗೆಯ ದೊಡ್ಡ ರಾಶಿ. ಚೇಳಿನ ಓಣಿ ಅಲ್ಲಿತ್ತು. ರಾಶಿಯನ್ನು ಮೊದಲು ಹೊಲಕ್ಕೆ ಸಾಗಿಸಿ ಅಂದೆ. ಸ್ನಾನದ ನೀರು ಕಾಯಿಸಲು ಬೇಕು ಅಂತ ಯಜಮಾನಿ ಗೊಣಗಿದರು, ಆಮೇಲೆ ಒಪ್ಪಿದರು.

ಸ್ಟಿಕರು ಕಿತ್ತು, ಅದರ ಗಮ್ಮು ಕೆರೆದು, ಕದದ ಕೆಳಗಿನ ಸಂದನ್ನು ಕಟ್ಟಿಗೆಯ ಬೆಣೆ ತೂರಿಸಿ ಮೂರು ಕಡೆ ಅಳೆದೆ. ಮೂರೂ ಕಡೆ ಬೇರೆ ಬೇರೆ. ಕದ ತಿರುಗುವ ಬಿಜಾಗರಿಯ ಕಡೆ ಕಡಿಮೆ, ಚಿಲಕದ ಕಡೆ ಇಂಚಿನ ಹತ್ತಿರ. ಕದದ ಅಡಿಗೆ ಕನ್ನಡಿ ಇಟ್ಟು ನೋಡಿದೆ. ಸೊಲ್ಲಾಪುರದ ಪುಣ್ಯಾತ್ಮರು ಅಡಿಯ ಅಂಚಿಗೆ ಒಂದು ಹನಿ ಬಣ್ಣ ಹಚ್ಚಿಲ್ಲ. ಆನೆಯ ಸೊಂಡಿಲಿಗೆ ಮೂರು ಕೈ ಪಾಲಿಶು. ನೀರು ಕುಡಿಯುವ ಜಾಗ ಹಸಿ ಕಟ್ಟಿಗೆ. ಕೊನೆಗೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಒಂದು ಚೊಂಬು ನೀರು ಸುರಿದೆ. ನೀರು ಅಂಗಳಕ್ಕೆ ಹರಿಯಬೇಕಲ್ಲ? ಕರೆದ ಹಾಗೆ ಮನೆಯೊಳಗೆ ಬಂತು.

"ಇಳಿಜಾರು ಒಳಗ ಐತ್ರಿ ಸಣ್ಣಗೌಡ್ರ" ಅಂದೆ. "ಮಳಿಗಿ ಆಮಂತ್ರಣ ಕೊಟ್ಟೀರಿ."

"ಅದು ಗೌಂಡಿ ಮಾಡಿದ್ದು" ಅಂದ.

"ಗೌಂಡಿಗಿ ಕಣ್ಣಿಲ್ಲ, ನಿಮಗ ಚೊಂಬಿಲ್ಲ."

ಅವನು ಅದೇ ಗಾರೆ ಕೆಲಸದವನನ್ನು ಕರೆಸಿ ಕಟ್ಟೆ ಒಡೆಸಿ ಹೊರಗೆ ಇಳಿಜಾರು ಕೊಡಿಸಿದ. ಎಷ್ಟು ರಬ್ಬರು ಹಚ್ಚಿದರೂ ನಿಂತ ನೀರಿಗೆ ಅದು ಅಡ್ಡ ಬರುವುದಿಲ್ಲ. ಪಟ್ಟಿ ಇರುವುದು ಬೀಸುವ ಹನಿಗೆ, ಧೂಳಿಗೆ, ಹುಳಕ್ಕೆ. ನೀರಿಗೆ ದಾರಿ ಬೇರೆ ತೋರಿಸಬೇಕು.

ಇನ್ನು ಬಾಗಿಲ ಕೆಳಗಿನ ಮಾತು. ನನ್ನ ಚೀಲದಲ್ಲಿ ಅಲ್ಯೂಮಿನಿಯಂ ಪಟ್ಟಿಯಿತ್ತು. ನೆಲಕ್ಕೆ ನಾಲ್ಕು ತೂತು ಕೊರೆದು ಸ್ಕ್ರೂ ಹಾಕಿದರೆ ಅರ್ಧ ದಿನದ ಕೆಲಸ. ಡ್ರಿಲ್ಲು ಕೈಗೆತ್ತಿಕೊಂಡೆ. ಯಜಮಾನಿ ಬಂದು ಅಡ್ಡ ನಿಂತರು.

"ಹೊಸ್ತಲದಾಗ ಮೊಳಿ ಹೊಡಿಬ್ಯಾಡ್ರಿ!"

"ಅವ್ವಾರ, ಇಲ್ಲಿ ಹೊಸ್ತಲ ಎಲ್ಲೈತ್ರಿ? ಟೈಲ್ಸ್ ಐತಿ."

"ನಾ ಒಂದು ವರ್ಷ ಪೂಜಿ ಮಾಡೇನಿ. ಹೊಸ್ತಲಾ ಆಗ್ಯದ. ಕೂಸು ಬರೂ ಬಾಗಲಕ್ಕ ಮೊಳಿ ಹೊಡದರ ಛಲೋ ಆಗಂಗಿಲ್ಲ."

ಮಗ ನಕ್ಕ. ನನಗೂ ನಗು ಬಂತು. ಕಾಗದ ಅಂಟಿಸಿಕೊಂಡು ವರ್ಷ ಕಳೆದವರಿಗೆ ಈಗ ಸ್ಕ್ರೂ ಮೈಲಿಗೆಯಂತೆ! ಆದರೆ ಆ ತಾಯಿ ಅಲುಗಲಿಲ್ಲ. ಅವರ ಮುಖ ನೋಡಿ ಡ್ರಿಲ್ಲು ಕೆಳಗಿಟ್ಟೆ. ಹೊಸ್ತಿಲಿಗೆ ಮೊಳೆ ಹೊಡೆಯದವರು ಹೊಸ್ತಿಲನ್ನೇ ಇಡದೆ ಬಾಗಿಲು ನಿಲ್ಲಿಸಿದ್ದರು ಎಂಬುದು ಬೇರೆ ಮಾತು. ಈಗ ನಿಜವಾದ ಹೊಸ್ತಿಲೇ ಕೂರಿಸುತ್ತೇನೆ, ಕಲ್ಲಿನದು, ಅಂದೆ. ಮಗ ತಟ್ಟನೆ ತಲೆ ಎತ್ತಿದ.

"ಗಾಡಿ?"

"ಅರ್ಧ ಇಂಚು ಎತ್ತರ, ಎರಡೂ ಬದಿ ಇಳಿಜಾರು. ನಿಮ್ಮ ಗಾಡಿ ಅಷ್ಟೂ ಹತ್ತಂಗಿಲ್ಲಂದರ ಮಾರಿಬಿಡ್ರಿ."

ಐದಿಂಚು ಅಗಲದ ಶಹಾಬಾದ ಫರ್ಸಿಕಲ್ಲು ಕಡಿಸಿ ತಂದೆ. ಚೌಕಟ್ಟಿನ ಎರಡು ಕಾಲುಗಳ ನಡುವೆ ಟೈಲ್ಸು ಕಡಿದು ತೆಗೆದು ಸಿಮೆಂಟಿನಲ್ಲಿ ಕೂರಿಸಿದೆ. ಕದ ಮುಚ್ಚಿದಾಗ ಅದರ ಒಳಮುಖವನ್ನೂ ದಾಟಿ ಕಲ್ಲು ಪಡಸಾಲೆಯ ಕಡೆ ಇಂಚಿನಷ್ಟು ಬರುವಂತೆ ನೋಡಿಕೊಂಡೆ. ಇದು ತಿಳಿಯದವರು ಕಲ್ಲನ್ನು ಹೊರಗೆ ಇಡುತ್ತಾರೆ, ರಬ್ಬರನ್ನು ಒಳಗೆ ಹಚ್ಚುತ್ತಾರೆ. ಎರಡೂ ಒಂದಕ್ಕೊಂದು ಭೇಟಿಯೇ ಆಗುವುದಿಲ್ಲ. ಕದ ಕಳಚಿ ಅದರ ಅಡಿಯನ್ನು ರಂದಾದಿಂದ ಕೀಸಿ ಸಮ ಮಾಡಿ ಎರಡು ಕೈ ಬಣ್ಣ ಹಚ್ಚಿದೆ. ಕಲ್ಲಿನ ಹೊರಗಿನ ಅಂಚಿಗೆ ಸಿಲಿಕಾನು ಎಳೆದೆ.

"ಮೂರು ದಿನ ಇದಕ್ಕ ಎಣ್ಣಿ ಇಲ್ಲ, ಅರಿಸಿನ ಇಲ್ಲ, ನೀರು ಇಲ್ಲ. ತುಳಿಯೂದೂ ಇಲ್ಲ. ಹಿತ್ತಲ ಬಾಗಲದಿಂದ ಓಡಾಡ್ರಿ" ಅಂತ ಯಜಮಾನಿಗೆ ಹೇಳಿದೆ.

"ಮೂರು ದಿನ ಪೂಜಿ ಇಲ್ಲದ ಹೊಸ್ತಲ?"

"ದೂರ ನಿಂತು ಕೈ ಮುಗೀರಿ. ದೇವರಿಗಿ ಸಿಮೆಂಟ್ ಒಣಗೂದು ಗೊತ್ತೈತಿ."

ಅವರು ಮೂರು ದಿನ ದೂರದಿಂದಲೇ ಕೈ ಮುಗಿದರು. ಮಗನೇ ಒಂದು ಸಲ ಮರೆತು ಚಪ್ಪಲಿಯ ತುದಿ ಊರಿದ್ದ, ಅದರ ಗುರುತು ಸಿಲಿಕಾನಿನ ಮೇಲೆ ಈಗಲೂ ಇದೆ. ಓದಿದವನು.

ನಾಲ್ಕನೆಯ ದಿನ ಕದದ ಒಳಮುಖಕ್ಕೆ ಅಲ್ಯೂಮಿನಿಯಂ ಪಟ್ಟಿ ಹಚ್ಚಿದೆ, ಕೆಳಗೆ ರಬ್ಬರಿನ ನಾಲಿಗೆ ಇರುವಂಥದ್ದು. ಅದರ ತೂತುಗಳು ಉದ್ದುದ್ದ ಇರುತ್ತವೆ. ಸ್ಕ್ರೂವನ್ನು ಅರ್ಧ ಬಿಗಿದು, ಕದ ಮುಚ್ಚಿ, ರಬ್ಬರು ಕಲ್ಲನ್ನು ಸುಮ್ಮನೆ ಮುಟ್ಟುವ ತನಕ ಪಟ್ಟಿ ಇಳಿಸಿ, ಆಮೇಲೆ ಪೂರ್ತಿ ಬಿಗಿಯಬೇಕು. ಒತ್ತಿ ಕೂರಿಸಿದರೆ ಬಾಗಿಲು ಭಾರವಾಗುತ್ತದೆ, ರಬ್ಬರು ಒಂದು ವರ್ಷದಲ್ಲಿ ಹರಿಯುತ್ತದೆ. ಕದ ಒಳಗೆ ತೆರೆದಾಗ ಕಲ್ಲಿನಿಂದ ಇಳಿದ ರಬ್ಬರು ಟೈಲ್ಸಿನ ಮೇಲೆ ಅರ್ಧ ಇಂಚು ಗಾಳಿಯಲ್ಲೇ ತೇಲುತ್ತದೆ, ಉಜ್ಜುವುದಿಲ್ಲ. ಒಂದು ಬೆರಳಿನಿಂದ ಕದ ದೂಡಿದೆ. ಸದ್ದಿಲ್ಲದೆ ಹೋಗಿ ಕೂತಿತು. ಮಗ ತಾನೂ ದೂಡಿ ನೋಡಿದ. ಹೊಗಳಲು ಅವನಿಗೆ ಬಾಯಿ ಬರಲಿಲ್ಲ. ನಾನೂ ಕಾಯುತ್ತ ನಿಲ್ಲಲಿಲ್ಲ.

ಮರುದಿನ ಮಧ್ಯಾಹ್ನ ಬೀಗತಿ ಬಂದರು. ನಾನೂ ಇರಬೇಕೆಂದು ಯಜಮಾನಿ ಹೇಳಿಕಳಿಸಿದ್ದರು. ಬೀಗತಿ ಅಂದರೆ ಎತ್ತರದ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ನೀರು ಕೊಟ್ಟರೆ ಕುಡಿಯಲಿಲ್ಲ.

"ಕಿಡಕಿ ಎಲ್ಲಾ ಮುಚ್ಚರಿ" ಅಂದರು. ಮುಚ್ಚಿದರು. "ಪರದಾ ಎಳೀರಿ." ಎಳೆದರು. ಪಡಸಾಲೆ ಕತ್ತಲಾಯಿತು. ಹೊರಗೆ ಬೆಂಕಿಯಂಥ ಬಿಸಿಲು. ಆ ಹೆಂಗಸು ಸೀರೆ ಎತ್ತಿ ಕಟ್ಟಿ ಬಾಗಿಲ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಕೆನ್ನೆ ನೆಲಕ್ಕೆ ಹಚ್ಚಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡತೊಡಗಿದರು. ಯಜಮಾನಿ ಉಸಿರು ಹಿಡಿದು ನಿಂತಿದ್ದರು. ನಾನು ಗೋಡೆಗೊರಗಿ ಒಳಗೊಳಗೇ ನಗುತ್ತಿದ್ದೆ. ನನ್ನ ಬಾಗಿಲನ್ನು ಪರೀಕ್ಷೆ ಮಾಡಲು ಬಂದಿದ್ದಾರೆ!

"ಇಲ್ಲಿ ಬರ್ರಿ ಮಿಸ್ತ್ರಿ" ಅಂದರು.

ಬಿಜಾಗರಿಯ ಕಡೆಯ ಮೂಲೆ. ಅಲ್ಲಿ ಜೋಳದ ಕಾಳಿನಷ್ಟು ಬೆಳಕು. ಅವರು ಪೊರಕೆಯಿಂದ ಒಂದು ಕಡ್ಡಿ ಮುರಿದು ತೂರಿಸಿದರು. ಕಡ್ಡಿ ಸಲೀಸಾಗಿ ಹೊರಗೆ ಹೋಯಿತು.

"ಚೇಳಿಗಿ ಇಷ್ಟು ಸಾಕಲ್ಲೇನ್ರಿ?"

ನನ್ನ ಕಿವಿ ಬಿಸಿಯಾಯಿತು. ತಪ್ಪು ಏನೆಂದು ನೋಡಿದೊಡನೆ ತಿಳಿಯಿತು, ನೋಡದೆಯೂ ತಿಳಿಯಬೇಕಿತ್ತು. ಕದ ಕೂರಲೆಂದು ಚೌಕಟ್ಟಿನ ಕಾಲುಗಳಲ್ಲಿ ಅರ್ಧ ಇಂಚು ಕೊರೆದಿರುತ್ತಾರೆ. ಕಲ್ಲು ಕಾಲಿನಿಂದ ಕಾಲಿಗೆ ನೇರ ಕಡಿದರೆ ಆ ಕೊರೆದ ಜಾಗ ಎರಡೂ ತುದಿಗೆ ಖಾಲಿ ಉಳಿಯುತ್ತದೆ. ಹುಳ ಕಲ್ಲಿನ ಮೇಲೆ ನಡೆದು ಬಂದು ರಬ್ಬರಿಗೆ ತಡೆದು, ಪಕ್ಕಕ್ಕೆ ಸರಿದು, ಆ ಮೂಲೆಯಲ್ಲಿ ಇಳಿದು ಒಳಗೆ ಬರಬಹುದು. ಚಿಲಕದ ಕಡೆ ನಾನು ಚೂರು ಕಲ್ಲು ಕೂರಿಸಿ ಮುಚ್ಚಿದ್ದೆ. ಬಿಜಾಗರಿಯ ಕಡೆ ಬಗ್ಗಿ ನೋಡಿರಲಿಲ್ಲ. ಯಾಕೆಂದರೆ ನನ್ನ ಕೆಲಸವನ್ನು ನಾನೇ ಬಗ್ಗಿ ನೋಡುವ ಅಗತ್ಯ ನನಗೆ ಕಂಡಿರಲಿಲ್ಲ.

"ಎಷ್ಟು ವರ್ಷ ಆಯ್ತು ಮಿಸ್ತ್ರಿ ಬಾಗಲ ಮಾಡಾಕತ್ತು?" ಅಂದ ಮಗ. ಅವನ ಮುಖದಲ್ಲಿ ವರ್ಷದ ಹಬ್ಬ ಬಂದಿತ್ತು.

ನಾನು ಯಜಮಾನಿಯ ಕಡೆ ನೋಡಿದೆ. ಅವರು ಯಾರ ಮೇಲೂ ಸಿಟ್ಟು ಮಾಡದೆ ಸೆರಗಿನ ತುದಿ ಹಲ್ಲಿಗೆ ಕಚ್ಚಿಕೊಂಡು ನಿಂತಿದ್ದರು. ಸಿಟ್ಟು ಮಾಡಿದ್ದರೆ ಹಗುರಾಗುತ್ತಿತ್ತು.

"ಒಂದು ತಾಸು ಕುಂದರ್ರಿ" ಅಂದೆ ಬೀಗತಿಗೆ.

"ಕುಂತೇನಿ. ಬಸ್ಸು ಸಂಜಿಗಿ ಅದ."

ಅಂಗಳದಲ್ಲಿ ಬಿದ್ದಿದ್ದ ಅದೇ ಫರ್ಸಿಯ ತುಂಡನ್ನು ಬಿಸಿಲಲ್ಲಿ ಕೂತು ಹೆಬ್ಬೆರಳಿನಷ್ಟು ಕಡಿದು, ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿದೆ. ಮೂಲೆಯನ್ನು ಒರೆಸಿ ಒಣಗಿಸಿ, ಎರಡು ಟ್ಯೂಬು ಕಲೆಸುವ ಗಟ್ಟಿ ಗಮ್ಮಿನಲ್ಲಿ ಕೂರಿಸಿದೆ. ಗಮ್ಮು ಕಲ್ಲಾಗುವ ತನಕ ಪಕ್ಕದಲ್ಲೇ ಮೊಣಕಾಲೂರಿ ಕೂತೆ. ಆಮೇಲೆ ನಾನೇ ಕಿಡಕಿ ಮುಚ್ಚಿ, ನಾನೇ ಕೆನ್ನೆ ನೆಲಕ್ಕೆ ಹಚ್ಚಿ ಎರಡು ಸಲ ನೋಡಿದೆ. ಮೂರನೆಯ ಸಲ ಬೀಗತಿ ನೋಡಿದರು. ಕಡ್ಡಿಯನ್ನು ಅಡ್ಡ, ಓರೆ, ಎಲ್ಲ ಕಡೆ ಚುಚ್ಚಿದರು. ಕಡ್ಡಿಯೇ ಮುರಿಯಿತು.

ಎದ್ದು ಸೀರೆ ಕೊಡವಿಕೊಂಡು, ಕೊಟ್ಟ ನೀರು ಕುಡಿದು, ಫೋನು ತೆಗೆದು ಮಗಳಿಗೆ ಹಚ್ಚಿದರು. "ಸೋಮಾರ ಹೊರಡೂನು ಬೇ. ಕೂಸಿನ ಅರಬಿ ಒಗದು ಹಾಕು" ಅಂದರು. ಯಜಮಾನಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಸಾಮಾನು ಚೀಲಕ್ಕೆ ತುಂಬುತ್ತಿದ್ದೆ. ಬೀಗತಿ ಹತ್ತಿರ ಬಂದು, ಒಳಗಿನವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಮಿಸ್ತ್ರಿ, ಜೇವರ್ಗಿ ಕಡಿ ಬರ್ತೀರೇನ್ರಿ? ನಮ್ಮ ಮುಂಬಾಗಲಕ್ಕೂ ಒಂದು ಇಂಥಾದ್ದ ಮಾಡಿಕೊಡ್ರಿ."

"ಎಷ್ಟು ಸಂದೈತ್ರಿ?"

"ಬೆಕ್ಕು ಹೋಗಿ ಬರ್ತದ."

ನಾನು ಅವರ ಮುಖ ನೋಡಿದೆ. ಮೂರು ತಿಂಗಳು ಆ ಕೂಸು ಮಲಗಿದ್ದು ಆ ಬಾಗಿಲ ಹಿಂದೆಯೇ; ಹಾಗಾದರೆ ಚೇಳು ಕೂಸನ್ನು ಇಟ್ಟುಕೊಳ್ಳಲು ಸಿಕ್ಕ ನೆಪ. ಅವರು ಕಣ್ಣು ತಪ್ಪಿಸಲಿಲ್ಲ.

"ಮಗಳು ಹೋದ ಮ್ಯಾಲ ಬರ್ರಿ" ಅಂದರು. "ಅಲ್ಲೀತನಕ ಏನ್ ಅವಸರ ಇಲ್ಲ."